ಕಡೇ ಕಂತಿನ ನಲವತ್ತೆಂಟು ಪೈಸೆ

ಏಳನೆಯ ಕಂತಿನ ಬಡ್ಡಿ ಎಂಟು ರೂಪಾಯಿ ಅರವತ್ತನಾಲ್ಕು ಪೈಸೆ, ಎಂಟನೆಯದಕ್ಕೆ ಎಂಟು ಹದಿನಾರು. ಅನಸೂಯಮ್ಮ ಮೇಲಿಂದ ಕೆಳಕ್ಕೆ ಬರೆಯುತ್ತ ಹೋದಳು. ಪ್ರತಿ ಸಾಲಿಗೂ ನಲವತ್ತೆಂಟು ಪೈಸೆ ಇಳಿಯಬೇಕು, ಅಷ್ಟೇ. ಅದಕ್ಕೆ ಈಗ ಪಕ್ಕದ ಚೀಟಿಯ ಮೇಲೆ ಲೆಕ್ಕ ಹಾಕಬೇಕಾಗಿರಲಿಲ್ಲ. ಎಷ್ಟು ಮನೆಗಳ ಯಂತ್ರಗಳಿಗೆ ಇದೇ ಸಾಲುಗಳನ್ನು ಬರೆದಿದ್ದಳೋ, ಅಕ್ಕಿ ಆರಿಸುವಾಗ ಕಲ್ಲು ತಾನಾಗಿ ಬೆರಳಿಗೆ ಸಿಗುವ ಹಾಗೆ ಅಂಕಿಗಳು ಪೆನ್ನಿನ ಮುಳ್ಳಿಗೆ ಸಿಗುತ್ತಿದ್ದವು.

ಎಂಬತ್ತೊಂದನೇ ಇಸವಿಯ ಮಾರ್ಚ್ ಮುಗಿಯುತ್ತಿತ್ತು. ಕೋಲಾರದ ಗಡಿಯಾರದ ಗೋಪುರದ ಹಿಂದಿನ ಬೀದಿಯಲ್ಲಿ ಕೋದಂಡರಾಮಪ್ಪನ ಅಂಗಡಿ. ಹೊಲಿಗೆ ಯಂತ್ರ, ಸೈಕಲ್ಲು, ರೇಡಿಯೋ, ಫ್ಯಾನು, ಯಾವುದು ಬೇಕಾದರೂ ಅಲ್ಲಿ ಕಂತಿನ ಮೇಲೆ ಸಿಗುತ್ತಿತ್ತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳವರೆಗೂ ಅವನ ಯಂತ್ರಗಳು ಹೋಗಿದ್ದವು. ವರ್ಷದ ಕೊನೆಗೆ ಅನಸೂಯಮ್ಮನ ಕೆಲಸ ಒಂದೇ: ಪ್ರತಿಯೊಬ್ಬರ ಕಂತನ್ನೂ ಸೀಳಿ, ಅದರೊಳಗೆ ಅಡಗಿದ ಬಡ್ಡಿಯನ್ನು ಹೊರಗೆ ತೆಗೆಯುವುದು.

ಯಂತ್ರದ ರೊಕ್ಕದ ಬೆಲೆ ಏಳುನೂರ ಇಪ್ಪತ್ತು. ನೂರ ಇಪ್ಪತ್ತು ಮುಂಗಡ ಕಟ್ಟಿದರೆ ಉಳಿದದ್ದು ಆರುನೂರು. ಅದಕ್ಕೆ ಎರಡು ವರ್ಷದ ಬಡ್ಡಿ ನೂರ ನಲವತ್ತನಾಲ್ಕು ಸೇರಿಸಿ, ಇಪ್ಪತ್ತನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ ಮೂವತ್ತೊಂದು. ಕೊಂಡವರಿಗೆ ಕಾಣುವುದು ಆ ಮೂವತ್ತೊಂದು ಮಾತ್ರ. ಮೊದಲನೆಯ ತಿಂಗಳ ಮೂವತ್ತೊಂದರಲ್ಲಿ ಹನ್ನೊಂದು ರೂಪಾಯಿ ಐವತ್ತೆರಡು ಪೈಸೆ ಬರೀ ಬಡ್ಡಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಅಸಲು ಕರಗಿದಂತೆ ಬಡ್ಡಿಯೂ ಇಳಿದು, ಇಪ್ಪತ್ತನಾಲ್ಕನೆಯ ಕಂತಿನಲ್ಲಿ ಉಳಿಯುವುದು ನಲವತ್ತೆಂಟೇ ಪೈಸೆ. ಆ ಕಂತೂ, ಅದರ ಮೇಲೆ ಒಂದು ರೂಪಾಯಿಯೂ ಕಟ್ಟಿದ ಮೇಲೆಯೇ ಯಂತ್ರ ಕೊಂಡವರದು. ಅಲ್ಲಿಯತನಕ ಅದು ಯಾರ ಮನೆಯ ಹಜಾರದಲ್ಲಿದ್ದರೂ, ಯಾರ ಕಾಲಡಿಯಲ್ಲಿ ತಿರುಗುತ್ತಿದ್ದರೂ ಅಂಗಡಿಯದು. ಕೊಂಡವರು ಕಾಗದದ ಪ್ರಕಾರ ಬಾಡಿಗೆಯವರು.

"ಅಲ್ಲಮ್ಮಾ, ಮಾರಿದ ದಿನಾನೇ ನೂರ ನಲವತ್ನಾಕು ಬಂತು ಅಂತ ಬರ್ದುಬಿಟ್ರೆ ಏನಾಗುತ್ತೆ? ಲಾಭ ಲಾಭಾನೇ ಅಲ್ವಾ?" ಎಂದು ಕೋದಂಡರಾಮಪ್ಪ ಪ್ರತಿ ಮಾರ್ಚಿನಲ್ಲೂ ಕೇಳುತ್ತಿದ್ದ.

"ಅದಿನ್ನೂ ಬಂದಿಲ್ಲ ಸಾರ್, ಬರಬೇಕು," ಎಂದು ಅವಳೂ ಪ್ರತಿ ಮಾರ್ಚಿನಲ್ಲೂ ಹೇಳುತ್ತಿದ್ದಳು. "ಬರದೇ ಇರೋದನ್ನ ಬೇರೆ ಇಡಬೇಕು."

"ನಿಮ್ಮ ಯಜಮಾನ್ರೂ ಹಿಂಗೇ ಹೇಳೋರು. ಗಂಡ ಹೆಂಡ್ತಿ ಇಬ್ರೂ ಸೇರಿ ನನ್ನ ಶ್ರೀಮಂತ ಆಗೋಕೇ ಬಿಡಲಿಲ್ಲ," ಎಂದು ಅವನು ನಗುತ್ತಿದ್ದ. ಆ ಮೇಜಿನ ಮುಂದೆ ಮೊದಲು ಕೂತಿದ್ದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಹತ್ತನೇ ಕ್ಲಾಸು ಪಾಸಾಗಿದ್ದ ಅವಳನ್ನು ಕರೆದು ಕೂರಿಸಿದವನು ಕೋದಂಡರಾಮಪ್ಪ. ಆ ಋಣ ಅವಳ ಮೇಲಿತ್ತು.

ಆ ಶನಿವಾರ ಹದಿನೈದನೆಯ ಕಂತಿನವರೆಗೆ ಬರೆದಿದ್ದಾಗ ಹೊರಗೆ ಗಲಾಟೆ ಕೇಳಿಸಿತು. ಮುನಿಯಲ್ಲಪ್ಪ ಕೈಗಾಡಿಯಿಂದ ಒಂದು ಹೊಲಿಗೆ ಯಂತ್ರ ಇಳಿಸುತ್ತಿದ್ದ. ಕಂತು ತಪ್ಪಿದವರ ಮನೆಯಿಂದ ಸಾಮಾನು ಎತ್ತಿ ತರುವುದು ಅವನ ಕೆಲಸ. ಅವನ ಹಿಂದೆಯೇ ಸುಗಟೂರಿನ ಕದಿರಮ್ಮ, ಅವಳ ಹಿಂದೆ ಬೈಯುತ್ತ ಅವಳ ಗಂಡ ಸೊಣ್ಣಪ್ಪ.

"ಏನ್ಲಾ ಮುನಿಯಲ್ಲಪ್ಪ, ಕ್ಯಾಲನೂರ್ನೋರ ಮನೆ ಹೊಕ್ಕು ಎತ್ಕೊಂಡ್ ಬಂದಿದ್ದೀಯಲ್ಲ, ಅವರು ನನ್ನ ಕತ್ತು ಹಿಡ್ಕೊಂಡವ್ರೆ ಕಣೋ! ನಾನೂರು ರೂಪಾಯಿ ಕೊಟ್ಟವ್ರೆ ಅವರು!"

"ನಿನಗೆ ಕೊಟ್ಟವ್ರೆ, ನೀನೇ ವಾಪಸ್ ಕೊಡು," ಎಂದ ಮುನಿಯಲ್ಲಪ್ಪ, ಬೆವರೊರೆಸಿಕೊಳ್ಳುತ್ತ. "ಆವಯ್ಯ ನನ್ನ ಮ್ಯಾಲೆ ನಾಯಿ ಬಿಟ್ಟ ಸಾರ್. ನಾಯಿ ಒಳ್ಳೇದು, ನನ್ನ ಗುರುತು ಹಿಡೀತು. ಅವರ ಹಳೇ ರೇಡಿಯೋ ಎತ್ಕೊಂಡ್ ಬಂದೋನೂ ನಾನೇ ಅಲ್ವಾ."

ನಡೆದದ್ದು ಇಷ್ಟು. ಕದಿರಮ್ಮ ಕಂತಿನ ಮೇಲೆ ಒಯ್ದಿದ್ದ ಯಂತ್ರವನ್ನು ಸೊಣ್ಣಪ್ಪ ಅವಳಿಲ್ಲದಾಗ ಕ್ಯಾಲನೂರಿನವರಿಗೆ ಮಾರಿಬಿಟ್ಟಿದ್ದ. ಯಂತ್ರ ಹೋದ ಮೇಲೆ ಕದಿರಮ್ಮನಿಗೆ ಹೊಲಿಗೆ ಇಲ್ಲ, ಹೊಲಿಗೆ ಇಲ್ಲದೆ ಕಂತು ಇಲ್ಲ. ಎರಡು ತಿಂಗಳು ತಪ್ಪಿತು. ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ ಅವಳ ಹೆಸರು ಬಂತು, ರಿಜಿಸ್ಟರ್ ನೋಟೀಸು ಹೋಯಿತು, ಹದಿನೈದು ದಿನ ಕಳೆದ ಮೇಲೆ ಮುನಿಯಲ್ಲಪ್ಪ ಹೊರಟ.

"ನನ್ನ ಹೆಂಡ್ತೀದು, ನಾನು ಮಾರ್ದೆ. ನಿಮಗೇನು ಕಷ್ಟ?" ಎಂದು ಸೊಣ್ಣಪ್ಪ ಕೋದಂಡರಾಮಪ್ಪನ ಮೇಜನ್ನು ಗುದ್ದಿದ.

"ನಿನ್ನ ಹೆಂಡ್ತೀದಾಗಿದ್ರೆ ನೀನು ಮಾರ್ತಿದ್ದೆ ಅನ್ನೋದು ನಂಗೊತ್ತಪ್ಪ. ಇನ್ನೂ ಆಗಿಲ್ಲವಲ್ಲ! ಅದು ನನ್ನದು. ನನ್ನ ಎಮ್ಮೇನ ನೀನು ಸಂತೇಲಿ ಮಾರಿದ್ರೆ ಕೊಂಡೋನಿಗೆ ಎಮ್ಮೆ ಸಿಗುತ್ತಾ, ಪೊಲೀಸ್ನೋನು ಸಿಗ್ತಾನಾ?" ಕೋದಂಡರಾಮಪ್ಪ ಅನಸೂಯಮ್ಮನ ಕಡೆ ತಿರುಗಿದ. "ಯಾರ ಹೆಬ್ಬೆಟ್ಟು ಇದೆ ನೋಡಮ್ಮ."

"ಕದಿರಮ್ಮಂದು ಸಾರ್."

ಕದಿರಮ್ಮ ಸೆರಗಿನ ಗಂಟು ಬಿಚ್ಚಿದಳು. ಡೇರಿಯ ಹಾಲಿನ ದುಡ್ಡು, ನೋಟುಗಳು ಒದ್ದೆಯಾದಂತಿದ್ದವು. ಎರಡು ಕಂತು ಅರವತ್ತೆರಡು, ಎತ್ತಿ ತಂದ ಖರ್ಚು ಹದಿನೈದು. ಅನಸೂಯಮ್ಮ ರಸೀತಿ ಹರಿದಳು. ಸೊಣ್ಣಪ್ಪ ಯಂತ್ರವನ್ನು ಹೊರಲು ಬಗ್ಗಿದ.

"ಕೈ ತೆಗಿ," ಎಂದ ಕೋದಂಡರಾಮಪ್ಪ. "ಸಹಿ ಮಾಡ್ದೋರ ಕೈಗೇ ಯಂತ್ರ. ನೀನು ಗಂಡ ಆಗಿರು, ಗಣಪತಿ ಆಗಿರು. ನನಗೆ ನೀನು ಯಾರೂ ಅಲ್ಲ."

ಸೊಣ್ಣಪ್ಪ ಉಗುಳಿ ಹೊರಗೆ ಹೋದ. ಅವನು ತಿರುವಿನಲ್ಲಿ ಮರೆಯಾಗುವತನಕ ಕದಿರಮ್ಮ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಅನಸೂಯಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾ, ಇದನ್ನ ನಮ್ಮವ್ವನ ಮನೇಲಿ ಇಡಬೌದಾ?"

"ಇಡಬಹುದು. ಎಲ್ಲಿಡ್ತೀಯ ಅಂತ ಬರೆದುಕೊಡಬೇಕು ಅಷ್ಟೇ. ನಾನು ಬರೀತೀನಿ, ನೀನು ಹೆಬ್ಬೆಟ್ಟು ಒತ್ತು."

ಬರೆಯುವಾಗ ಅನಸೂಯಮ್ಮನ ಕೈ ಒಂದು ಗಳಿಗೆ ತಡೆಯಿತು. ಇದೇ ಕಾಗದವನ್ನು, ಇದೇ ಮಾತುಗಳಲ್ಲಿ, ಎರಡು ವರ್ಷದ ಹಿಂದೆ ಅವಳು ತನ್ನ ಹೆಸರಿನಲ್ಲೂ ಬರೆದುಕೊಂಡಿದ್ದಳು. ಸದರಿ ಯಂತ್ರವನ್ನು ಇನ್ನು ಮುಂದೆ ಮುಳಬಾಗಿಲು ತಾಲ್ಲೂಕು ಆವನಿ ಗ್ರಾಮದಲ್ಲಿ ಆವಲಪ್ಪನವರ ಮನೆಯಲ್ಲಿ ಇಡಲಾಗುವುದು.

ಅವಳು ಎದ್ದು ಹೊರಗೆ ಹೋಗಿ ಹಲಗೆಯ ಮೇಲಿಂದ ಕದಿರಮ್ಮನ ಹೆಸರನ್ನು ಒರೆಸಿದಳು. ಪ್ರತಿ ತಿಂಗಳ ಒಂದನೇ ತಾರೀಖು ಆ ಹಲಗೆಯ ಮೇಲೆ ಹೆಸರು ಬರೆಯುವವಳೂ ಅವಳೇ, ದುಡ್ಡು ಬಂದಾಗ ಒರೆಸುವವಳೂ ಅವಳೇ. ಬಸ್ ಸ್ಟ್ಯಾಂಡಿಗೆ ಹೋಗುವವರೆಲ್ಲ ಅದನ್ನು ಓದಿಕೊಂಡೇ ಹೋಗುತ್ತಿದ್ದರು. ಓದಲು ಬಾರದವರು ಓದಿಸಿಕೊಂಡು ಹೋಗುತ್ತಿದ್ದರು.

ಅವಳ ಮಗಳು ಆದಿಲಕ್ಷ್ಮಿಯ ಮದುವೆ ಎಪ್ಪತ್ತೊಂಬತ್ತರಲ್ಲಿ ಆಯಿತು. ಹುಡುಗಿಗೆ ಹೊಲಿಗೆ ಬರುತ್ತಿತ್ತು. ಹೊಲಿಗೆ ಬರುವ ಹುಡುಗಿ ಯಂತ್ರ ತರಬೇಕು ಎಂದು ಬೀಗ ಆವಲಪ್ಪ ಹೇಳಿ ಕಳಿಸಿದ್ದ. ಅನಸೂಯಮ್ಮ ತನ್ನದೇ ಅಂಗಡಿಯಲ್ಲಿ ಕಂತಿನ ಮೇಲೆ ಒಯ್ದಳು. ಸಂಬಳದಲ್ಲಿ ಹಿಡಿಯುವುದಕ್ಕೆ ಕೋದಂಡರಾಮಪ್ಪ ಒಪ್ಪಲಿಲ್ಲ. ಸಂಬಳ ಬೇರೆ, ಕಂತು ಬೇರೆ, ಎರಡೂ ಕಲಸಿದರೆ ಆಡಿಟರು ಬೈಯುತ್ತಾನೆ ಎಂದ. ಹೀಗಾಗಿ ಪ್ರತಿ ತಿಂಗಳ ಕೊನೆಯ ದಿನ ಅವಳು ತನ್ನ ಚೀಲದಿಂದ ಮೂವತ್ತೊಂದು ತೆಗೆದು, ತಾನೇ ಎಣಿಸಿ, ತಾನೇ ಗಲ್ಲಾಪೆಟ್ಟಿಗೆಗೆ ಹಾಕಿ, ತನಗೆ ತಾನೇ ರಸೀತಿ ಹರಿದುಕೊಳ್ಳುತ್ತಿದ್ದಳು.

ಧಾರೆಯ ದಿನ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ತಲೆಗೆ ಮಲ್ಲಿಗೆ ಸುತ್ತಿ ಮಂಟಪದ ಪಕ್ಕ ಇಟ್ಟಿದ್ದರು. "ಹುಡುಗಿಯ ತಾಯಿ ಕೊಟ್ಟ ಹೊಲಿಗೆ ಮಿಷನ್ನು!" ಎಂದು ಪುರೋಹಿತರು ಉಡುಗೊರೆ ಓದುವಾಗ ಕೂಗಿದ್ದರು. ಆಗ ಕಟ್ಟಿದ್ದದ್ದು ಒಂದೇ ಕಂತು. ನೂರಾರು ಜನರ ಕಾಗದಗಳಲ್ಲಿ 'ಮಾರಕೂಡದು, ಅಡ ಇಡಕೂಡದು, ದಾನ ಕೊಡಕೂಡದು' ಎಂಬ ಸಾಲನ್ನು ಬೆರಳಿಟ್ಟು ತೋರಿಸಿ ಸಹಿ ಹಾಕಿಸಿದ್ದ ಅನಸೂಯಮ್ಮ, ತನ್ನದಲ್ಲದ ವಸ್ತುವನ್ನು ಮಂಟಪದಲ್ಲಿ ದಾನ ಕೊಟ್ಟಳು. ಅವತ್ತು ಅವಳಿಗೆ ಅದು ತಪ್ಪು ಅನ್ನಿಸಲೇ ಇಲ್ಲ. ಹೆತ್ತ ಮಗಳನ್ನೇ ಕೊಡುತ್ತಿರುವಾಗ ಯಂತ್ರದ ಮಾತು ಯಾರಿಗೆ ನೆನಪಿರುತ್ತದೆ? ಹಿಂದಿರುಗಿ ಬಂದ ಮೇಲೆ, ಅಭ್ಯಾಸಬಲದಿಂದ, ಯಂತ್ರ ಎಲ್ಲಿದೆಯೆಂಬ ಕಾಗದವನ್ನು ಮಾತ್ರ ಬರೆದು ಕಡತಕ್ಕೆ ಸೇರಿಸಿದ್ದಳು.

ಆದಿ ಹಬ್ಬಕ್ಕೆ ಬಂದಾಗಲೆಲ್ಲ ಚೆನ್ನಾಗಿದ್ದೀನಮ್ಮ ಎನ್ನುತ್ತಿದ್ದಳು. ಆ ಮಾತು ಯಾವಾಗಲೂ ಒಂದೇ ಅಳತೆಯದು, ಕಂತಿನ ಹಾಗೆ. ಅದರೊಳಗೆ ಎಷ್ಟು ನಿಜ, ಎಷ್ಟು ಬೇರೆಯದು ಎಂದು ಬಿಡಿಸಿ ನೋಡುವುದು ಅನಸೂಯಮ್ಮನಿಗೆ ಹೊಳೆಯಲಿಲ್ಲ. ಬೇರೆಯವರ ಮೂವತ್ತೊಂದು ರೂಪಾಯಿಗಳನ್ನು ಪೈಸೆ ಪೈಸೆಯಾಗಿ ಸೀಳುತ್ತಿದ್ದವಳು ಮಗಳ ಮಾತನ್ನು ಇಡಿಯಾಗಿ ನುಂಗಿಕೊಂಡಳು.

ಈ ಸಂಕ್ರಾಂತಿ ಕಳೆದ ವಾರ ಆದಿ ಒಬ್ಬಳೇ ಬಂದಳು. ಎಡಗೈಗೆ ಬಟ್ಟೆ ಸುತ್ತಿತ್ತು. ಕೈ ಜಾರಿ ಸೂಜಿ ಹೊಕ್ಕಿತು ಎಂದಳು. ಬಟ್ಟೆ ಬಿಚ್ಚಿದರೆ, ಅಂಗೈಯ ಹಿಂಭಾಗದಲ್ಲಿ, ಮಣಿಕಟ್ಟಿನ ಹತ್ತಿರದಿಂದ ಬೆರಳುಗಳ ತನಕ ಸಾಲಾಗಿ ಚುಕ್ಕೆಗಳಿದ್ದವು, ನೇರ ಹೊಲಿಗೆಯ ಹಾಗೆ. ಹೊಲಿಯುವವರಿಗೆ ಬೆರಳಿನ ತುದಿಗೆ ಸೂಜಿ ಹೊಗುವುದುಂಟು. ಕೈಯ ಬೆನ್ನಿಗೆ ಸಾಲಾಗಿ ಹೊಗಬೇಕಾದರೆ ಒಬ್ಬರು ಕೈಯನ್ನು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಚಕ್ರ ತಿರುಗಿಸಿರಬೇಕು.

"ಯಾರು ಹಿಡ್ಕೊಂಡ್ರು?" ಎಂದು ಅನಸೂಯಮ್ಮ ಕೇಳಿದಳು.

ಆದಿ ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಂಡಳು. ಆಮೇಲೆ, "ಹೊಲಿದ ದುಡ್ಡಲ್ಲಿ ಎರಡು ರೂಪಾಯಿ ಎತ್ತಿಟ್ಕೊಂಡಿದ್ದೆ ಅಮ್ಮ," ಎಂದಳು. ಯಾರು ಎಂದು ಹೇಳಲಿಲ್ಲ. ಆ ಮನೆಯಲ್ಲಿದ್ದವರೇ ಮೂರು ಜನ: ಗಂಡ ಕದಿರೇಶ, ಮಾವ ಆವಲಪ್ಪ, ನಾದಿನಿ ಅಂಜಮ್ಮ. ಲೆಕ್ಕ ಕಷ್ಟದ್ದಾಗಿರಲಿಲ್ಲ.

ಭಾನುವಾರ ಅನಸೂಯಮ್ಮನ ಅಣ್ಣ ಚನ್ನರಾಯಪ್ಪ ಆವನಿಯಿಂದ ನೇರವಾಗಿ ಇವಳ ಮನೆಗೆ ಬಂದ. ಬೀಗರ ಮನೆಯ ಜಗಲಿಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ ಮಾತಾಡಿಸಿದ್ದ. ಗೆದ್ದು ಬಂದವನ ಹಾಗೆ ಕಾಲು ಚಾಚಿ ಕೂತು ನೀರು ಕೇಳಿದ.

"ಒಪ್ಪಿದ್ರು ಕಣೇ. ಹುಡುಗೀನ ಯುಗಾದಿಗೆ ಕರ್ಕೊಂಡ್ ಬನ್ನಿ ಅಂದ್ರು."

"ಮಿಷನ್ ಕೊಡ್ತಾರಂತಾ?"

"ಅದನ್ನ ಕೇಳ್ದೆ. ಆವಲಪ್ಪ ಎಗರಿಬಿದ್ದ. ನೂರು ಜನರ ಮುಂದೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ, ನಾಚ್ಕೆ ಆಗಲ್ವಾ ಅಂದ. ಹಿರಿಯರೂ ಹೌದು ಅಂದ್ರು. ಮದುವೇಲಿ ಕೊಟ್ಟಿದ್ದು ಕೊಟ್ಟಿದ್ದೇ. ಅದು ಅನಸೂಯಮ್ಮಂದಾಗಿತ್ತು, ಅವಳು ಕೊಟ್ಟಳು, ಇವರದಾಯ್ತು ಅಂತ ತೀರ್ಮಾನ." ಅವನು ನೀರು ಕುಡಿದು ಚೊಂಬು ಕೆಳಗಿಟ್ಟ. "ಒಂದೇ ಒಂದು ಕೇಳಿದ್ರು. ಕಡೇ ಕಂತು ಕಟ್ಟಿ, ಅಂಗಡಿಯಿಂದ ಋಣ ತೀರಿದ ಕಾಗದ ತಗೊಂಡು, ಹುಡುಗಿ ಜೊತೆಗೆ ತರಬೇಕಂತೆ."

"ಕಾಗದ ಅವರಿಗ್ಯಾಕೆ?"

ಚನ್ನರಾಯಪ್ಪ ಚಾಚಿದ್ದ ಕಾಲು ಮಡಿಚಿಕೊಂಡ. "ಅಂಜಮ್ಮಂಗೆ ಗಂಡು ಗೊತ್ತಾಗಿದೆ, ಶ್ರೀನಿವಾಸಪುರದ ಕಡೆ. ವೈಶಾಖದಲ್ಲಿ ಮದುವೆ. ಅವರೂ ಮಿಷನ್ ಕೇಳವ್ರಂತೆ."

ಒಳಗೆ ಅಡಿಗೆಮನೆಯಲ್ಲಿ ಆದಿ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತು, ಮತ್ತೆ ಶುರುವಾಯಿತು.

"ಅಂದ್ರೆ ಇವಳ ಮಿಷನ್ನು ಅಂಜಮ್ಮನ ಜೊತೆ ಹೋಗುತ್ತೆ," ಎಂದಳು ಅನಸೂಯಮ್ಮ.

"ಹೋದ್ರೆ ಹೋಗಲಿ ಬಿಡೇ! ಹುಡುಗಿ ಬಾಳು ದೊಡ್ಡದಾ, ಕಬ್ಬಿಣ ದೊಡ್ಡದಾ? ನೀನು ಯಾವಾಗಲೂ ಹಿಂಗೇ, ಪೈಸೆ ಹಿಡ್ಕೊಂಡು ರೂಪಾಯಿ ಬಿಡೋಳು. ಮೂವತ್ತೊಂದು ರೂಪಾಯಿ ಬಿಸಾಕು, ಕಾಗದ ತಗೋ, ಮುಗೀತು."

ಊಟ ಮುಗಿಸಿ ಅವನು ಮಾಲೂರಿನ ಬಸ್ಸಿಗೆ ಹೋದ ಮೇಲೆ ಆದಿ ತಾಯಿಯ ಪಕ್ಕ ಬಂದು ಕೂತಳು. ಗಾಯ ಒಣಗಿ ಚುಕ್ಕೆಗಳು ಕಪ್ಪಾಗಿದ್ದವು.

"ನಾನು ಹೋಗ್ತೀನಮ್ಮ."

"ಯಾಕೆ?"

"ಇಲ್ಲಿದ್ದು ಏನ್ ಮಾಡ್ಲಿ? ಎರಡು ತಿಂಗಳಾಯ್ತು, ನಿನ್ನ ಸಂಬಳದಲ್ಲೇ ತಿಂತಾ ಇದ್ದೀನಿ. ಪಕ್ಕದ ಮನೆಯೋರು ದಿನಾ ಕೇಳ್ತಾರೆ, ಅಳಿಯಂದ್ರು ಯಾವಾಗ ಬರ್ತಾರೆ ಅಂತ." ಅವಳು ಬೆರಳುಗಳನ್ನು ಮಡಿಚಿ ಬಿಡಿಸಿದಳು. "ಒಂದು ಮಿಷನ್ ಇದ್ದಿದ್ರೆ ಹೋಗ್ತಿರಲಿಲ್ಲ. ಈ ಬೀದಿಯಲ್ಲೇ ರವಿಕೆ ಹೊಲ್ಕೊಂಡು ಇರ್ತಿದ್ದೆ. ಅದೂ ಅಲ್ಲೇ ಇದೆ."

"ಅಂಜಮ್ಮನ ಮದುವೆ ಆದ ಮೇಲೆ ಅಲ್ಲೂ ಇರಲ್ಲ."

"ಗೊತ್ತು."

"ಆಗ ಅವರಿಗೆ ನೀನು ಯಾಕೆ ಬೇಕು?"

ಅದು ಆದಿಗೂ ಗೊತ್ತಿತ್ತು. ಹೊಲಿಗೆಯ ದುಡ್ಡು ತರುತ್ತಿದ್ದಾಗಲೇ ಕೈಯನ್ನು ಸೂಜಿಯ ಕೆಳಗೆ ಹಿಡಿದವರು, ಅದೂ ತರದಿದ್ದಾಗ ಏನು ಮಾಡುತ್ತಾರೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆದಿ ಎದ್ದು ಟ್ರಂಕಿನ ಮೇಲಿನ ಧೂಳು ಒರೆಸಿದಳು. ಸೀರೆಗಳನ್ನು ಒಂದೊಂದಾಗಿ ಮಡಿಚುವಾಗ ಅಂಚಿಗೆ ಅಂಚು ಕೂಡಿಸಿ, ಹೊಲಿಗೆಯವರ ಹಾಗೆ, ಬೆರಳಿನಿಂದ ನೆರಿಗೆ ಎಳೆಯುತ್ತಿದ್ದಳು.

ಮಂಗಳವಾರ ಮೂವತ್ತೊಂದನೇ ತಾರೀಖು. ಅಂಗಡಿಯಲ್ಲಿ ವರ್ಷದ ಕೊನೆಯ ದಿನದ ಗದ್ದಲ. ಬೆಳಗ್ಗೆಯಿಂದ ಅನಸೂಯಮ್ಮ ತಲೆ ಎತ್ತಿರಲಿಲ್ಲ. ಹೊರಗೆ ಮನೆ ಮನೆಗಳಲ್ಲಿರುವ ಯಂತ್ರಗಳನ್ನೆಲ್ಲ ಅಂಗಡಿಯ ಸರಕೆಂದು ಪಟ್ಟಿ ಮಾಡಬೇಕು. ಯಾವುದರ ಎಷ್ಟು ಕಂತು ಇನ್ನೂ ದಿನ ಬಂದಿಲ್ಲ, ಯಾವುದರ ಕಂತು ದಿನ ಬಂದೂ ಕಟ್ಟಿಲ್ಲ ಎಂದು ಬೇರೆ ಬೇರೆ ತೋರಿಸಬೇಕು. ಆವನಿಯ ಯಂತ್ರವೂ ಆ ಪಟ್ಟಿಯಲ್ಲಿತ್ತು. ಕಪ್ಪು ಬಣ್ಣ, ಕಾಲಿನಿಂದ ತುಳಿಯುವಂಥದ್ದು, ಹಿಡಿದವರು ಅನಸೂಯಮ್ಮ, ಇರುವ ಜಾಗ ಆವಲಪ್ಪನವರ ಮನೆ.

ಅವಳು ಆ ಸಾಲಿನ ಮೇಲೆ ಅಡ್ಡಪಟ್ಟಿ ಇಟ್ಟುಕೊಂಡು ಸುಮ್ಮನೆ ಕೂತಳು.

ಅದು ಅನಸೂಯಮ್ಮಂದಾಗಿತ್ತು, ಅವಳು ಕೊಟ್ಟಳು, ಇವರದಾಯ್ತು. ಆವನಿಯ ಹಿರಿಯರ ಲೆಕ್ಕ ಅದು. ಆದರೆ ಮೊದಲನೆಯ ಮಾತೇ ಆಗಿಲ್ಲವಲ್ಲ. ಧಾರೆಯ ದಿನ ಅದು ಅವಳದಾಗಿರಲಿಲ್ಲ. ಇವತ್ತೂ ಅಲ್ಲ. ಇಪ್ಪತ್ತಮೂರು ಕಂತುಗಳ ಏಳುನೂರ ಹದಿಮೂರು ರೂಪಾಯಿ, ಮುಂಗಡದ ನೂರ ಇಪ್ಪತ್ತು, ಎಲ್ಲ ಕಟ್ಟಿದ ಮೇಲೂ ಅದರ ಒಂದು ಮೊಳೆ ಕೂಡ ಅವಳದಲ್ಲ. ಕಡೇ ಕಂತೂ ಅದರ ಮೇಲಿನ ಒಂದು ರೂಪಾಯಿಯೂ ಸೇರಿ ಮೂವತ್ತೆರಡು ರೂಪಾಯಿ ಗಲ್ಲಾಪೆಟ್ಟಿಗೆಗೆ ಬಿದ್ದ ಗಳಿಗೆ ಅದು ಅವಳದಾಗುತ್ತದೆ. ಅವಳದಾದ ಗಳಿಗೆಯಲ್ಲೇ, ಆ ಜಗಲಿಯ ಮಾತಿನ ಪ್ರಕಾರ, ಅವರದಾಗುತ್ತದೆ. ಅವಳ ಕೈಯಲ್ಲಿ ಅದು ನಿಲ್ಲುವುದು ರಸೀತಿ ಹರಿಯುವಷ್ಟು ಹೊತ್ತು ಮಾತ್ರ.

ಕಟ್ಟದಿದ್ದರೆ ಅದು ಅಂಗಡಿಯದಾಗಿಯೇ ಇರುತ್ತದೆ. ಅಂಗಡಿಯದನ್ನು ಕದಿರೇಶ ಮಾರಲಾರ, ಆವಲಪ್ಪ ಮಗಳಿಗೆ ಕೊಡಲಾರ. ಕೊಟ್ಟರೂ ಮುನಿಯಲ್ಲಪ್ಪ ಶ್ರೀನಿವಾಸಪುರಕ್ಕೆ ಹೋಗುತ್ತಾನೆ. ನಾಯಿ ಬಿಟ್ಟರೂ ಎತ್ತಿ ತರುತ್ತಾನೆ. ತಂದ ಮೇಲೆ ಬಾಕಿಯನ್ನೂ ಖರ್ಚನ್ನೂ ಕಟ್ಟಿದರೆ, ಸಹಿ ಮಾಡಿದವರ ಕೈಗೇ ಯಂತ್ರ.

ಸಹಿ ಅವಳದು.

ಅಂಜಮ್ಮನ ಮುಖ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಹದಿನೆಂಟರ ಹುಡುಗಿ, ಚಕ್ರ ತಿರುಗಿಸಿದವಳು ಅವಳೇ ಇರಬಹುದು, ಇಲ್ಲದಿರಬಹುದು. ಇದೇ ಯಂತ್ರದ ಜೊತೆ ಅವಳೂ ಯಾವುದೋ ಮನೆಗೆ ಹೋಗಬೇಕಾಗಿತ್ತು. ಅಲ್ಲಿ ಅವಳ ಕೈಯನ್ನು ಯಾರು ಹಿಡಿಯುತ್ತಿದ್ದರೋ.

"ಏನಮ್ಮಾ, ನಿಮ್ಮದು ಇವತ್ತು ಕಡೇ ಕಂತು ಅಲ್ವಾ?" ಎಂದು ಕೋದಂಡರಾಮಪ್ಪ ತನ್ನ ಜಾಗದಿಂದಲೇ ಕೂಗಿದ. "ಸಾಯಂಕಾಲ ಲಡ್ಡು ತರಿಸಬೇಕು ನೀವು."

ಅವಳು ನಕ್ಕಂತೆ ಮಾಡಿದಳು.

ಮುನಿಯಲ್ಲಪ್ಪ ಬಾಗಿಲಲ್ಲಿ ಬೀಡಿ ಹಚ್ಚುತ್ತ, "ಅನಸೂಯಮ್ಮೋರೂ ಕಂತು ತಪ್ಪಿಸಿದ್ರೆ ಹೆಂಗಿರುತ್ತೆ ಸಾರ್? ನಾನು ಅವರ ಮನೆಗೇ ಗಾಡಿ ತಳ್ಕೊಂಡು ಹೋಗಬೇಕಾಗುತ್ತೆ," ಎಂದ.

"ಹೋಗಬೇಕಾದ್ದೇ. ಕಡೇ ಕಂತು ಅಂತ ಬಿಟ್ರೆ ಊರಿಗೂರೇ ಕಡೇ ಕಂತಿಗೆ ನಿಲ್ಲಿಸಿಬಿಡ್ತದೆ. ನನ್ನ ತಮ್ಮನಾದ್ರೂ ಬಿಡಲ್ಲ ನಾನು." ಕೋದಂಡರಾಮಪ್ಪನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಆದ್ರೆ ಒಂದ್ ಮಾತು. ನನ್ನ ಅಂಗಡೀಲಿ ಕೆಲಸ ಮಾಡೋರ ಹೆಸರು ಆ ಹಲಗೆ ಮೇಲೆ ಬಂದ ದಿನ ಅವರು ಅಂಗಡೀಲಿ ಇರಲ್ಲ. ಅದನ್ನ ಮೊದಲೇ ಹೇಳಿದ್ದೀನಿ."

ಹೇಳಿದ್ದ. ಅವಳ ಗಂಡನಿಗೂ ಹೇಳಿದ್ದ. ಹಲಗೆಯ ಮೇಲೆ ಹೆಸರು ಬಂದ ಗುಮಾಸ್ತನ ಕೈಗೆ ಬೇರೆಯವರು ದುಡ್ಡು ಕೊಡುವುದಿಲ್ಲ ಎಂಬುದು ಅವನ ವಾದ. ಅದು ಸುಳ್ಳೂ ಅಲ್ಲ.

ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಡಬಹುದಿತ್ತು. ಆದಿಯ ಕೈಯ ಬೆನ್ನಿನ ಚುಕ್ಕೆಗಳನ್ನು ಹೇಳಬೇಕಾಗುತ್ತಿತ್ತು. ಅವನು ಲೊಚಗುಟ್ಟಿ, ಮರುಗಿ, ಬೀಗರನ್ನು ಕರೆಸಿ ಬುದ್ಧಿ ಹೇಳುತ್ತೇನೆ ಎನ್ನುತ್ತಿದ್ದ. ಮತ್ತೊಂದು ಜಗಲಿ, ಮತ್ತೆ ನಾಲ್ಕು ಜನ ಹಿರಿಯರು. ಕಂತು ಬೇಕೆಂದೇ ತಪ್ಪಿಸಿದ್ದೆಂದು ಗೊತ್ತಾದರೆ ಅವನು ಮುನಿಯಲ್ಲಪ್ಪನನ್ನು ಕಳಿಸಲಾರ. ಅಂಗಡಿಯ ಹೆಸರು ಮನೆಜಗಳಕ್ಕೆ ಸಿಕ್ಕಿತು ಎಂದುಕೊಳ್ಳುತ್ತಾನೆ. ಅವನಿಗೆ ಇದು ತಪ್ಪಿದ ಕಂತಾಗಿಯೇ ಕಾಣಬೇಕು, ಬೇರೆ ಯಾರದೋ ತಪ್ಪಿದ ಕಂತಿನ ಹಾಗೆ. ಚನ್ನರಾಯಪ್ಪನಿಗೆ ಹೇಳಿದರೆ ಅವನೇ ಬಂದು ದುಡ್ಡು ಕಟ್ಟಿಬಿಡುತ್ತಾನೆ. ಆದಿಗೆ ಹೇಳಿದರೆ, ನನ್ನಿಂದ ನಿನ್ನ ಕೆಲಸ ಹೋಗುವುದು ಬೇಡ ಎಂದು ಇವತ್ತೇ ಟ್ರಂಕು ಹಿಡಿದು ಹೊರಡುತ್ತಾಳೆ.

ಸಂಜೆ ಗಲ್ಲಾಪೆಟ್ಟಿಗೆ ಎಣಿಸುವಾಗ ಅವಳ ಚೀಲದಲ್ಲಿ ಮೂವತ್ತೆರಡು ರೂಪಾಯಿ ಕಾಗದದಲ್ಲಿ ಸುತ್ತಿ ಹಾಗೇ ಇತ್ತು. ಪೆಟ್ಟಿಗೆಯ ನೋಟುಗಳನ್ನು ಕಟ್ಟು ಕಟ್ಟಿದಳು, ಚಿಲ್ಲರೆ ಸಾಲಿಟ್ಟಳು. ದಿನದ ವಸೂಲಿಗೆ ಸರಿಯಾಗಿ ಹೊಂದಿತು. ಅವಳ ಮೂವತ್ತೆರಡು ಇಲ್ಲದೆಯೇ ಹೊಂದಿತು.

ಕೋದಂಡರಾಮಪ್ಪ ಯಾರೋ ವ್ಯಾಪಾರಿಯ ಜೊತೆ ಮಾತಾಡುತ್ತ ಆಗಲೇ ಹೊರಗೆ ಹೋಗಿದ್ದ. ಲಡ್ಡುವಿನ ಮಾತು ಅವನಿಗೆ ಮರೆತಿತ್ತು. ಅನಸೂಯಮ್ಮ ಪಟ್ಟಿಯನ್ನು ಮತ್ತೆ ತೆರೆದು, ಆವನಿಯ ಯಂತ್ರದ ಎದುರು, ದಿನ ಬಂದೂ ಕಟ್ಟದ ಕಂತುಗಳ ಕಾಲಮಿನಲ್ಲಿ ಮೂವತ್ತೊಂದು ಎಂದು ಬರೆದಳು. ಅಸಲು ಮೂವತ್ತು ಐವತ್ತೆರಡು, ಬಡ್ಡಿ ಸೊನ್ನೆ ನಲವತ್ತೆಂಟು. ಮಸಿ ಆರುವತನಕ ಊದಿದಳು. ಕಡೇ ಕಂತಿಗೆ ಎರಡನೇ ತಿಂಗಳವರೆಗೆ ಕಾಯುವುದಿಲ್ಲ; ಬೆಳಗ್ಗೆ ನೋಟೀಸೂ ಅವಳೇ ಬರೆಯಬೇಕು. ವಿಳಾಸದ ಜಾಗದಲ್ಲಿ ತನ್ನ ಹೆಸರು ಹಾಕಿ, ತಾನೇ ಪೋಸ್ಟಾಫೀಸಿಗೆ ಕೊಟ್ಟು, ಮನೆಯಲ್ಲಿ ಸಹಿ ಮಾಡಿ ಬಿಡಿಸಿಕೊಳ್ಳಬೇಕು. ಯುಗಾದಿಗೆ ಕಾಗದ ಸಿಗಲಿಲ್ಲ ಎಂದು ಚನ್ನರಾಯಪ್ಪನಿಗೆ ಹೇಳಬೇಕು. ಅಷ್ಟು ಮಾತ್ರ ನಿಜ. ಮುಂದಿನ ತಿಂಗಳು ಯಾವ ಅಂಗಡಿಯಲ್ಲಿ ಕೆಲಸ ಕೇಳುವುದೋ, ನಲವತ್ತಾರರ ಹೆಂಗಸಿಗೆ ಯಾರು ಕೊಡುತ್ತಾರೋ ಗೊತ್ತಿರಲಿಲ್ಲ. ಮನೆಯಲ್ಲಿ ಬೇಯಿಸಲು ರಾಗಿ ಎರಡು ತಿಂಗಳಿಗಾಗುವಷ್ಟಿತ್ತು.

ಬೀಗ ಹಾಕುವ ಮೊದಲು ಬಕೆಟ್ಟಿನಲ್ಲಿ ನೀರು ತಂದು, ಮಾರ್ಚಿನ ಹೆಸರುಗಳಿದ್ದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಏಪ್ರಿಲ್‌ನ ಹೆಸರುಗಳಿಗೆ ಅದು ರಾತ್ರಿಯೊಳಗೆ ಒಣಗಿರಬೇಕು. ಪ್ರತಿ ಸಲ ಹೆಸರುಗಳನ್ನು ಅವಳು ಅಕ್ಷರದ ವರಸೆಯಲ್ಲೇ ಬರೆಯುವುದು. ಅದರ ಪ್ರಕಾರ ಅವಳದೇ ಮೊದಲು ಬರುತ್ತದೆ, ಎಲ್ಲರಿಗಿಂತ ಮೇಲೆ, ಬಸ್ಸಿಗೆ ಓಡುವವರ ಕಣ್ಣಿಗೂ ಬೀಳುವ ಎತ್ತರದಲ್ಲಿ. ಹಲಗೆಯ ಮೇಲಂಚನ್ನು ಅವಳು ಇನ್ನೊಂದು ಸಲ ಒತ್ತಿ ಒರೆಸಿದಳು.

ಮನೆಗೆ ಬಂದಾಗ ಆದಿ ಹೊಸ್ತಿಲಲ್ಲೇ ಕೂತಿದ್ದಳು. ಹಿಂದೆ ನಡುಮನೆಯಲ್ಲಿ ಟ್ರಂಕು ಮುಚ್ಚಿ ನಿಂತಿತ್ತು.

"ಕಾಗದ ಸಿಕ್ತಾಮ್ಮ?"

"ಇನ್ನೂ ಇಲ್ಲ ಕಣೇ," ಎಂದು ಅನಸೂಯಮ್ಮ ಚಪ್ಪಲಿ ಬಿಟ್ಟಳು. "ಒಳಗೆ ಬಾ. ಒಲೆ ಹಚ್ಚು."